ಬರೆದುಕೊಡುವ ಮಾತು, ಬಿಟ್ಟುಕೊಡುವ ಮಾತು

ಮಂಜೂರಿನಲ್ಲಿ ಎಲೆರೂಪದ ಆರ್ಥಡಾಕ್ಸ್ ಚಹಾವನ್ನು 250 ಗ್ರಾಂ ಪೊಟ್ಟಣಗಳಲ್ಲಿ ಮಾರುವ ಕುಟುಂಬವೊಂದಿದೆ ಎಂದಿಟ್ಟುಕೊಳ್ಳೋಣ. ಗೂಡಲೂರಿನ ಗೃಹಿಣಿಯೊಬ್ಬರು ಕನ್ನಡದಲ್ಲಿ ಅಡುಗೆಯ ವಿಡಿಯೊ ಮಾಡುತ್ತಾರೆ. ಅವರನ್ನು ಅನುಸರಿಸುವವರು ಎಂಟು ಸಾವಿರ ಮಂದಿ. ಅವರಿಂದ 90 ಸೆಕೆಂಡುಗಳ ಪ್ರಚಾರವನ್ನು ಬಯಸುವ ಕುಟುಂಬವು ಪ್ರತಿಯೊಂದು ವಾಕ್ಯವನ್ನೂ ಬರೆದುಕೊಟ್ಟರೆ ಆಕೆ ಅದನ್ನು ಓದುತ್ತಾರೆ, ಮಾತನಾಡುವುದಿಲ್ಲ. ನಿತ್ಯವೂ ಆಕೆಯ ಮಾತು ಕೇಳುವವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಇದು ಕೇವಲ ರುಚಿಯ ಪ್ರಶ್ನೆಯಲ್ಲ. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರ ಜೂನ್‌ನಲ್ಲಿ ಹೊರಡಿಸಿದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಶಿಫಾರಸು ಮಾಡುವವರ ಮಾತು ಅವರ ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು; ವಸ್ತುವಿನ ಕುರಿತ ಸಾಕಷ್ಟು ಮಾಹಿತಿ ಅಥವಾ ಅನುಭವ ಅದಕ್ಕೆ ಆಧಾರವಾಗಿರಬೇಕು. ಆದುದರಿಂದ ಅನುಭವವನ್ನು ಬರೆದುಕೊಡುವಂತಿಲ್ಲ. ಅನುಭವಕ್ಕೆ ಅವಕಾಶ ಕೊಡಬೇಕು. ಚಿತ್ರೀಕರಣಕ್ಕೆ ಹತ್ತು ದಿನ ಮೊದಲೇ ಪೊಟ್ಟಣವನ್ನು ತಲುಪಿಸುವುದು ಮೊದಲ ಹೆಜ್ಜೆ.

ಬಳಿಕ ಕಳುಹಿಸುವ ಟಿಪ್ಪಣಿ ಒಂದೇ ಪುಟದ್ದಾಗಿರಲಿ. ಅದರಲ್ಲಿ ಮೂರು ಭಾಗಗಳು ಸಾಕು. ಮೊದಲನೆಯದು ಬದಲಾಗದ ಸಂಗತಿಗಳು: ಚಹಾದ ಬಗೆ, ತೂಕ, ಬೆಲೆ, ದೊರೆಯುವ ಸ್ಥಳ. ಎರಡನೆಯದು ಹೇಳಬಾರದ ಮಾತುಗಳು: ‘ತೂಕ ಇಳಿಸುತ್ತದೆ’, ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’, ‘ನೀಲಗಿರಿಯಲ್ಲೇ ಶ್ರೇಷ್ಠ’ ಎಂಬಂತಹ, ರುಜುವಾತು ಇಲ್ಲದವು. ಮೂರನೆಯದು ವಾಕ್ಯಗಳಲ್ಲ, ಪ್ರಶ್ನೆಗಳು: ಮೊದಲ ಗುಟುಕಿಗೆ ಏನೆನಿಸಿತು? ಮನೆಯಲ್ಲಿ ಯಾರಿಗೆ ಹಿಡಿಸಿತು, ಯಾರಿಗೆ ಹಿಡಿಸಲಿಲ್ಲ? ನೀವು ದಿನವೂ ಕುಡಿಯುವ ಚಹಾಕ್ಕಿಂತ ಇದು ಹೇಗೆ ಬೇರೆ? ಉತ್ತರದ ಪದಗಳೂ ಕ್ರಮವೂ ಆಕೆಯವು.

ಆಕೆ ‘ಹಾಲು ಹಾಕಿದರೆ ತೆಳುವೆನಿಸಿತು, ಹಾಲಿಲ್ಲದೆ ಪರಿಮಳ ಚೆನ್ನಾಗಿತ್ತು’ ಎಂದರೆ ಕುಟುಂಬವು ಅಳಿಸಹೊರಡಬಾರದು. ಎಲೆಚಹಾದ ಗುಣವೇ ಅದು. ಗಟ್ಟಿ ಹಾಲುಚಹಾ ಬಯಸುವವರು ತಿಳಿಯದೆ ಕೊಂಡು ಬೇಸರಿಸುವುದೂ ತಪ್ಪುತ್ತದೆ.

ಒಂದು ವಾಕ್ಯವನ್ನು ಮಾತ್ರ ಆಕೆಯ ಇಚ್ಛೆಗೆ ಬಿಡಲಾಗದು: ‘ಇದು ಜಾಹೀರಾತು.’ ಹಣ ಕೊಡದೆ ಪೊಟ್ಟಣವನ್ನಷ್ಟೇ ಉಚಿತವಾಗಿ ಕೊಟ್ಟಿದ್ದರೂ ಇದನ್ನು ತಿಳಿಸಬೇಕು. ವಿಡಿಯೊದಲ್ಲಿ ಮಾತಿನಲ್ಲಿಯೂ ಅಕ್ಷರದಲ್ಲಿಯೂ ಇದು ಬರಬೇಕೆಂಬುದು 2023ರ ಜನವರಿಯ ಕೇಂದ್ರ ಸರಕಾರದ ಸೂಚನೆ. ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಅಡಗಿಸಿದರೆ ಸಲ್ಲದು. ಜಾಹೀರಾತು ಗುಣಮಟ್ಟ ಮಂಡಳಿಯ 2021ರ ನಿಯಮದಂತೆ, 15 ಸೆಕೆಂಡಿಗಿಂತ ಉದ್ದವಾದ, ಎರಡು ನಿಮಿಷದೊಳಗಿನ ವಿಡಿಯೊದಲ್ಲಿ ಅವಧಿಯ ಮೂರನೆಯ ಒಂದು ಭಾಗದಷ್ಟು ಕಾಲ ಈ ಬರಹ ಕಾಣಬೇಕು. 90 ಸೆಕೆಂಡಿಗೆ ಅದು 30 ಸೆಕೆಂಡು.

ಕರಡು ವಿಡಿಯೊ ಬಂದಾಗ ಕುಟುಂಬವು ಮೊದಲ ಎರಡು ಭಾಗಗಳನ್ನೂ ಈ ಘೋಷಣೆಯನ್ನೂ ಮಾತ್ರ ಪರಿಶೀಲಿಸಲಿ. ಬೆಲೆ ತಪ್ಪಿದ್ದರೆ ತಿದ್ದಿಸಲಿ, ಆಡುಮಾತನ್ನು ತಿದ್ದದಿರಲಿ. ಚಹಾ ಆಕೆಗೆ ಹಿಡಿಸದಿದ್ದರೆ ಒಪ್ಪಂದದಿಂದ ಹಿಂದೆ ಸರಿಯಬಹುದೆಂಬ ಸಾಲು ಟಿಪ್ಪಣಿಯ ಕೊನೆಯಲ್ಲಿರಲಿ. ಆ ಸಾಲಿಲ್ಲದಿದ್ದರೆ ಪ್ರಾಮಾಣಿಕ ಅಭಿಪ್ರಾಯವೆಂಬುದು ಹೆಸರಿಗಷ್ಟೇ ಉಳಿಯುತ್ತದೆ.