ಎಲ್ಲವೂ ಪುರಂದರದಾಸರದೇ ಏನು?

ಹಾಡು ಯಾರದೆಂದು ಗೊತ್ತಾಗದಿದ್ದರೆ ನಮ್ಮ ಕಡೆ ಒಂದು ಸಿದ್ಧ ಉತ್ತರವಿದೆ: ‘ಪುರಂದರದಾಸರದೇ ಇರಬೇಕು.’ ಹೇಳುವವರು ಸಾಮಾನ್ಯವಾಗಿ ಮನೆಯ ಗಂಡಸರು, ಇಲ್ಲವೆ ಭಜನಾ ಮಂಡಳಿಯ ಹಿರಿಯರು. ಅಲ್ಲಿಗೆ ಹುಡುಕಾಟ ಮುಗಿಯಿತು. ಈ ಉತ್ತರದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿತ್ತು. ಮಗಳ ಸೀಮಂತದ ಹೊತ್ತಿಗೆ ಆ ಸಿಟ್ಟಿಗೊಂದು ಆಧಾರವೂ ಸಿಕ್ಕಿತು.

ನನ್ನ ದೊಡ್ಡಮ್ಮನಿಗೆ ಎಂಬತ್ತೆರಡು ವರ್ಷ. ಸೀಮಂತಕ್ಕೆ ಅವರ ಅತ್ತೆ ಹಾಡುತ್ತಿದ್ದ ಆರತಿ ಹಾಡನ್ನೇ ಹಾಡಬೇಕೆಂದು ಹಟ ಹಿಡಿದರು. ಹಾಡು ಮಾತ್ರ ಬರಲಿಲ್ಲ. ‘ನಾಲಿಗೆ ತುದೀಲೇ ಇದೆ ಕಣೆ, ಹೊರಗೆ ಬರ್ತಾ ಇಲ್ಲ’ ಎಂದು ಎರಡು ದಿನ ಒದ್ದಾಡಿದರು. ನೆನಪಿದ್ದುದು ಇಷ್ಟು: ಪಲ್ಲವಿ ‘ಆರತಿ’ ಎಂಬ ಮಾತಿನಿಂದ ಶುರು. ಕೊನೆಯ ನುಡಿಯಲ್ಲಿ ಒಂದು ಸಾಲು ‘ಕಾಮಿತ’ ಎಂದು, ಇನ್ನೊಂದು ‘ಪ್ರೇಮದಿ’ ಎಂದು ಏಳುತ್ತದೆ. ಆಮೇಲಿನ ಸಾಲನ್ನು ಅವರು ‘ನಾನಾನ ಕೃಷ್ಣ’ ಎಂದು ಗುನುಗಿ ಸುಮ್ಮನಾಗುತ್ತಿದ್ದರು.

ಹಾಡಿನ ಪುಸ್ತಕ ತೆರೆದರೆ ಅಕಾರಾದಿ ಸೂಚಿ ಇರುವುದು ಪಲ್ಲವಿಗೆ ಮಾತ್ರ. ಆರತಿ ಹಾಡುಗಳೆಲ್ಲ ‘ಆರತಿ’ ಎಂದೇ ತಾನೆ ಶುರುವಾಗುವುದು! ಒಂದೂವರೆ ಪುಟದ ತುಂಬ ಒಂದೇ ಥರದ ಸಾಲುಗಳು. ನಮ್ಮ ನೆನಪಿನಲ್ಲಿ ಉಳಿಯುವ ಗುರುತಿನ ಮಾತು ನುಡಿಯ ಒಳಗಿರುತ್ತದೆ, ಸೂಚಿಯಲ್ಲಿ ಅದಕ್ಕೆ ಜಾಗವಿಲ್ಲ. ಈ ಸೂಚಿಗಳನ್ನು ಮಾಡಿದವರು ಯಾರೂ ಆರತಿ ತಟ್ಟೆ ಹಿಡಿದು ನಿಂತವರಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಗಣಕಯಂತ್ರದಲ್ಲಿ ಹುಡುಕುವಾಗಲೂ ತೊಡಕಿದೆ. ವಿಠಲ, ವಿಠ್ಠಲ, ವಿಟ್ಠಲ ಎಂದು ಮೂರು ಬಗೆಯಲ್ಲಿ ಅಚ್ಚಾಗಿರುತ್ತದೆ. ಒಂದು ಬಗೆ ಕೊಟ್ಟು ಹುಡುಕಿದರೆ ಉಳಿದೆರಡು ಕಣ್ಣಿಗೇ ಬೀಳದೆ ಹೋಗಬಹುದು.

ನಾನು ಪಲ್ಲವಿಯನ್ನು ಬಿಟ್ಟು, ಪುಟ ತಿರುವುತ್ತ ಪ್ರತಿ ಹಾಡಿನ ಕೊನೆಯ ನುಡಿಯನ್ನಷ್ಟೇ ಓದುತ್ತ ಹೋದೆ. ಅಂಕಿತ ಇರುವುದು ಅಲ್ಲಿಯೇ. ಮಂಡಳಿಯೊಂದರ ಕಿರುಪುಸ್ತಕದಲ್ಲಿ ‘ಕಾಮಿತ’ ಸಿಕ್ಕಿತು, ಕೆಳಗೆ ‘ಪ್ರೇಮದಿ’ಯೂ ಸಿಕ್ಕಿತು. ಮೂರನೆಯ ಸಾಲು ‘ಪುರಂದರವಿಠಲ’ ಎಂದು ಶುರುವಾಗಿತ್ತು. ಮನೆಯವರಿಗೆಲ್ಲ ಸಂತೋಷ. ‘ನಾನು ಹೇಳಲಿಲ್ಲವಾ?’ ಎಂದರು ನಮ್ಮ ಯಜಮಾನರು.

ದೊಡ್ಡಮ್ಮ ಹಾಡಿ ನೋಡಿದರು. ಹಾಡು ತಾಳಕ್ಕೆ ಸರಿಯಾಗಿಯೇ ಕೂತಿತು. ಆದರೂ ತಲೆಯಾಡಿಸಿದರು. ‘ಅಲ್ಲ. ಇದಲ್ಲ.’ ಯಾಕೆ ಎಂದರೆ ಹೇಳಲು ಬಾರದು. ವಯಸ್ಸಾಯಿತು, ಮರೆವು ಎಂದು ಎಲ್ಲರೂ ನಕ್ಕರು.

ನಾನು ಮಾತ್ರ ನಗಲಿಲ್ಲ. ನಾಲಿಗೆ ತುದಿಯಲ್ಲಿ ಮಾತು ನಿಂತಾಗ ಮನಸ್ಸಿನಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಅಮೆರಿಕದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿಯೇ ಬರೆದಿದ್ದರು. ಅಪರೂಪದ ಶಬ್ದಗಳ ಅರ್ಥವನ್ನು ಓದಿಹೇಳಿ, ಶಬ್ದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಶಬ್ದ ಬಾಯಿಗೆ ಬಾರದೆ ಒದ್ದಾಡಿದವರೂ ಅದರ ಮೊದಲ ಅಕ್ಷರವನ್ನೋ, ಅದರಲ್ಲಿ ಎಷ್ಟು ಉಚ್ಚಾರಗಳಿವೆ ಎಂಬುದನ್ನೋ ಎಷ್ಟೋ ಸಲ ಸರಿಯಾಗಿ ಹೇಳುತ್ತಿದ್ದರಂತೆ. ಮಾತು ಹೋದರೂ ಮಾತಿನ ಅಚ್ಚು ಉಳಿದಿರುತ್ತದೆ. ದೊಡ್ಡಮ್ಮನ ‘ನಾನಾನ’ ಅಂಥ ಅಚ್ಚು. ಎರಡು ದೀರ್ಘ, ಒಂದು ಹ್ರಸ್ವ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? ಅದನ್ನೇ ಹಾಕಿದೆ. ಪುರಂದರ ಎಂಬುದು ‘ನನಾನನ’ ಆಗುತ್ತದೆ, ‘ನಾನಾನ’ ಆಗುವುದಿಲ್ಲ. ಕೃಷ್ಣ ಎಂದು ಮುಗಿಯುವ ಅಂಕಿತಗಳಲ್ಲಿ ವ್ಯಾಸರಾಯರ ಸಿರಿಕೃಷ್ಣ ಇದೆ. ಆದರೆ ಸಿರಿ ಎಂಬುದು ಬರೀ ಎರಡು ಹ್ರಸ್ವ, ಜಾಗ ತುಂಬುವುದಿಲ್ಲ. ಇನ್ನೊಂದು ಭೀಮೇಶಕೃಷ್ಣ. ಭೀ, ಮೇ, ಶ. ಎರಡು ದೀರ್ಘ, ಒಂದು ಹ್ರಸ್ವ! ಅದು ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನ ಅಂಕಿತ.

ತಾಳ ಯಾಕೆ ತಪ್ಪಲಿಲ್ಲ ಎಂಬುದೂ ಆಗ ತಿಳಿಯಿತು. ಭೀಮೇಶ ಐದು ಮಾತ್ರೆ, ಪುರಂದರವೂ ಐದು ಮಾತ್ರೆ. ಕೃಷ್ಣ ಮೂರು, ವಿಠಲವೂ ಮೂರು. ಒಟ್ಟು ಎಂಟಕ್ಕೆ ಎಂಟು. ಒಂದು ಅಂಕಿತವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಹಾಡುವವರಿಗೂ ಕೇಳುವವರಿಗೂ ಎಲ್ಲಿಯೂ ತಡವರಿಸುವುದಿಲ್ಲ. ಕಳ್ಳತನ ಎನ್ನಲಾರೆ. ಬಾಯಿಗೆ ರೂಢಿಯಾದ ಹೆಸರು ತಾನಾಗಿ ಬಂದು ಕೂತಿರಬಹುದು. ಆದರೆ ಕಾಲು ಜಾರಿದವರೆಲ್ಲ ಒಂದೇ ಕಡೆಗೆ ಬೀಳುತ್ತಾರಲ್ಲ, ಅದು ಹೇಗೆ?

ಪ್ರಾಸವೂ ಸಾಕ್ಷಿ ಹೇಳಿತು. ನಮ್ಮ ಹಳೆಯ ಹಾಡುಗಳಲ್ಲಿ ಸಾಲುಗಳ ಎರಡನೆಯ ಅಕ್ಷರ ಒಂದಕ್ಕೊಂದು ಹೊಂದುವುದು ವಾಡಿಕೆ. ಕಾಮಿತದಲ್ಲಿ ಎರಡನೆಯದು ಮ, ಪ್ರೇಮದಿಯಲ್ಲೂ ಮ. ಭೀಮೇಶ ಎಂದರೆ ಮತ್ತೆ ಮ. ಪುರಂದರ ಎಂದರೆ ರ ಬಂದು ಸಾಲು ಮುರಿಯುತ್ತದೆ. ಎಲ್ಲ ಹಾಡುಗಳೂ ಪ್ರಾಸವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು. ಗ್ರಂಥಾಲಯದಿಂದ ಭೀಮವ್ವನ ಹಾಡುಗಳ ಸಂಗ್ರಹ ತರಿಸಿದೆ. ಮತ್ತೆ ಕೊನೆಯ ನುಡಿಗಳನ್ನಷ್ಟೇ ಓದುತ್ತ ಹೋದೆ. ಸಿಕ್ಕಿತು. ದೊಡ್ಡಮ್ಮನ ಪಾಠಕ್ಕೂ ಅಚ್ಚಾದದ್ದಕ್ಕೂ ನಾಲ್ಕಾರು ಶಬ್ದಗಳ ವ್ಯತ್ಯಾಸವಿತ್ತು. ಬಾಯಿಂದ ಬಾಯಿಗೆ ಬಂದದ್ದಕ್ಕೆ ಅಷ್ಟು ಸಹಜ. ಅಂಕಿತದಲ್ಲಿ ವ್ಯತ್ಯಾಸವಿರಲಿಲ್ಲ.

‘ಯಾರದಾದರೇನಮ್ಮ, ದೇವರ ನಾಮ ತಾನೆ?’ ಎನ್ನುತ್ತಾರೆ. ಕೇಳಲು ಬಹಳ ದೊಡ್ಡ ಮಾತು. ಹಾಗಾದರೆ ಪುರಂದರದಾಸರ ಒಂದು ಪದಕ್ಕೆ ಭೀಮವ್ವನ ಅಂಕಿತ ಹಾಕಿ ಅಚ್ಚು ಮಾಡಲಿ, ಆಗಲೂ ಹೀಗೇ ಹೇಳುತ್ತಾರೆಯೇ ನೋಡೋಣ. ದಾಸರಿಗೆ ಈ ಒಂದು ಹಾಡಿನಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಭೀಮವ್ವ, ಅವಳಿಗಿಂತ ಹಿಂದಿನ ಹೆಳವನಕಟ್ಟೆ ಗಿರಿಯಮ್ಮ, ಇಂಥವರ ಹಾಡುಗಳಿಗೆ ಅಡುಗೆಮನೆ, ಪಡಸಾಲೆ, ಆರತಿ ತಟ್ಟೆಗಳೇ ಆಸರೆಯಾಗಿದ್ದವು. ಅಂಕಿತ ಎಂಬುದು ಕವಿ ತಾನೇ ಹಾಕಿಟ್ಟ ರುಜು. ರುಜು ಅಳಿಸಿ ಇನ್ನೊಬ್ಬರ ಹೆಸರು ಬರೆದರೆ ಮನೆಪತ್ರದಲ್ಲಾದರೆ ಕೋರ್ಟಿಗೆ ಹೋಗುತ್ತಾರೆ.

ನನ್ನ ಜಗಳ ಪುಸ್ತಕದವರ ಮೇಲೆ ಮಾತ್ರವಲ್ಲ, ನಮ್ಮ ಮೇಲೂ ಇದೆ. ಮುದುಕಿಯೊಬ್ಬಳು ಹಾಡು ಮರೆತು ನಿಂತ ಕೂಡಲೇ ‘ಇದಾ? ಅದಾ?’ ಎಂದು ನಾವು ಹೆಸರು ತುರುಕುತ್ತೇವೆ. ತಪ್ಪು ಹೆಸರೊಂದು ಬಾಗಿಲಲ್ಲಿ ಕೂತುಬಿಟ್ಟರೆ ಸರಿಯಾದದ್ದು ಹೊರಗೆ ಬರಲು ಇನ್ನಷ್ಟು ಕಷ್ಟ, ಇದು ನಮ್ಮೆಲ್ಲರ ಅನುಭವ. ಸುಮ್ಮನೆ ಕೂತು, ಫೋನಿನಲ್ಲಿ ಧ್ವನಿ ಹಿಡಿಯಿರಿ. ಮೊದಲಿನಿಂದ, ತಡೆಯದೆ ಹಾಡಲಿ. ಮಾತು ಸಿಗದ ಕಡೆ ‘ನನನ’ ಎಂದರೆ ಅದನ್ನೂ ಬರೆದುಕೊಳ್ಳಿ, ಎಳೆದದ್ದು ಎಷ್ಟು, ಎಳೆಯದ್ದು ಎಷ್ಟು ಎಂದು. ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಎಂದು ಕೇಳಿ. ದೊಡ್ಡಮ್ಮನ ಕೈಗೆ ಖಾಲಿ ತಟ್ಟೆ ಕೊಟ್ಟ ಮೇಲೆಯೇ ‘ಪ್ರೇಮದಿ’ ಬಂದದ್ದು.

ಮುಂದಿನ ಶುಕ್ರವಾರ ಕಿರುಪುಸ್ತಕವನ್ನು ಮಂಡಳಿಗೆ ತೆಗೆದುಕೊಂಡು ಹೋದೆ. ಹಿರಿಯರು ಕನ್ನಡಕ ಏರಿಸಿ ನೋಡಿ, ‘ಮುಂದಿನ ಮುದ್ರಣದಲ್ಲಿ ನೋಡೋಣ’ ಎಂದು ಹಿಂದಕ್ಕೆ ಕೊಟ್ಟರು. ಮನೆಗೆ ಬಂದು ನಮ್ಮ ಪ್ರತಿಯಲ್ಲಿ ಪುರಂದರವಿಠಲದ ಮೇಲೆ ಗೆರೆ ಎಳೆದು ಪೆನ್ಸಿಲ್ಲಿನಲ್ಲಿ ಭೀಮೇಶಕೃಷ್ಣ ಎಂದು ಬರೆಯುತ್ತಿದ್ದೆ. ದೊಡ್ಡಮ್ಮ ಬಗ್ಗಿ ನೋಡಿದರು.

‘ಪೆನ್ನಲ್ಲಿ ಬರಿಯೆ’ ಎಂದರು.