ದರಪಟ್ಟಿಯಲ್ಲಿನ ‘ರಿಂದ’



ಇತ್ತೀಚೆಗೆ ನನ್ನ ತಂಗಿಯ ಮಗಳು ತನ್ನ ನಿಶ್ಚಿತಾರ್ಥಕ್ಕೆ ಮುನ್ನ ಕೂದಲಿಗೆ ಬಣ್ಣ ಹಾಕಿಸಲು ಹುಬ್ಬಳ್ಳಿಯ ಒಂದು ಸಲೂನಿಗೆ ಹೋಗಿದ್ದಳು. ಫಲಕದಲ್ಲಿ ‘ರೂ. 1,800 ರಿಂದ’ ಎಂದು ಬರೆದಿತ್ತು. ಅವಳು ತೆತ್ತು ಬಂದದ್ದು 6,300 ರೂಪಾಯಿ. “ದೊಡ್ಡವ್ವಾ, ನಾ ಎಲ್ಲಿ ತಪ್ಪಿದೆ?” ಎಂದು ಬಿಲ್ಲನ್ನು ನನ್ನ ಮುಂದಿಟ್ಟಳು. ತಪ್ಪೆಲ್ಲವೂ ಆ ‘ರಿಂದ’ ಎಂಬಲ್ಲಿಯೇ ಅಡಗಿತ್ತು.

1,800 ಎಂಬುದು ಕಿರಿಯ ಕೆಲಸಗಾರರ ದರ; ಅದೂ ಭುಜದವರೆಗಿನ ಕೂದಲಿಗೆ, ಸಾಮಾನ್ಯ ಬಣ್ಣಕ್ಕೆ. ಹಿರಿಯ ಸ್ಟೈಲಿಸ್ಟ್ ಕೈಹಚ್ಚಿದ್ದರಿಂದ ಅದು 2,500 ಆಯಿತು. ಅಮೋನಿಯಾ ಇಲ್ಲದ ಬ್ರಾಂಡಿಗೆ 600, ಸೊಂಟದವರೆಗಿನ ಕೂದಲಿಗೆ ತಗಲಿದ ಹೆಚ್ಚಿನ ಟ್ಯೂಬುಗಳಿಗೆ 900 ಸೇರಿದವು. ತಲೆ ತೊಳೆಯುವಾಗ “ಕೂದಲು ಒಣಗಿದೆ ಮೇಡಂ” ಎಂದು ಹೇಳಿ ಬಾಂಡ್ ಚಿಕಿತ್ಸೆಗೆ 1,200, ಹೇರ್ ಸ್ಪಾಗೆ 800 ಸೇರಿಸಿದರು. ಒಟ್ಟು 6,000, ಮೇಲೆ ಶೇಕಡಾ 5 ಜಿ.ಎಸ್.ಟಿ. (2025ರ ಸೆಪ್ಟೆಂಬರ್ 21ರವರೆಗೆ ಈ ತೆರಿಗೆ ಶೇಕಡಾ 18 ಇತ್ತು, ಹಳೆಯ ದರವನ್ನೇ ಹಾಕಿದ ಬಿಲ್ಲನ್ನು ಒಪ್ಪಬೇಡಿರಿ.)

ಇವುಗಳಲ್ಲಿ ಯಾವುದು ಸಾರ್ಥಕ? ಉದ್ದಕ್ಕೆ ಕೊಟ್ಟ ಹಣ ನ್ಯಾಯವಾದದ್ದು. ಒಂದು ಟ್ಯೂಬಿನಲ್ಲಿ 50–60 ಗ್ರಾಂ ಮಾತ್ರ ಇರುವುದರಿಂದ ನೀಳ ಕೂದಲಿಗೆ ಎರಡು ಮೂರು ಬೇಕಾಗುತ್ತವೆ. ಅವನ್ನು ನಮ್ಮೆದುರಿಗೇ ಒಡೆಯಿರೆಂದು ಕೇಳಿದರೆ ಲೆಕ್ಕ ಸ್ಪಷ್ಟ. ಆದರೆ ಎಂದೂ ಬಣ್ಣ ಕಾಣದ ಕೂದಲಿಗೆ ಒಂದೇ ಗಾಢ ಕಂದು ಬಣ್ಣ ಹಚ್ಚಲು ಹಿರಿಯರ ಕೈ ಬೇಕಿರಲಿಲ್ಲ. ಹಳೆಯ ಕಪ್ಪು ಬಣ್ಣವನ್ನು ತೆಗೆಯಬೇಕಾದಾಗ, ಮೆಹಂದಿ ಹಚ್ಚಿದ ಕೂದಲನ್ನು ತಿಳಿಯಾಗಿಸಬೇಕಾದಾಗ ಆ ಅನುಭವಕ್ಕೆ ಬೆಲೆಯುಂಟು; ಅಲ್ಲಿ ಕೈತಪ್ಪಿದರೆ ಕೂದಲು ತೇಪೆ ತೇಪೆಯಾಗುತ್ತದೆ, ತುಂಡರಿಸುತ್ತದೆ. ಬಾಂಡ್ ಚಿಕಿತ್ಸೆಯೂ ಮುಖ್ಯವಾಗಿ ಬ್ಲೀಚ್ ಮಾಡಿದ ಕೂದಲಿಗೆ ಉಪಯುಕ್ತ. ಇವಳದು ಬ್ಲೀಚ್ ಕಂಡದ್ದೇ ಅಲ್ಲ. ಸ್ಪಾದ ನುಣುಪೋ, ಕೆಲವು ಸ್ನಾನಗಳಲ್ಲಿ ಇಳಿದುಹೋಗುತ್ತದೆ.

ಅಮೋನಿಯಾರಹಿತ ಬಣ್ಣದಲ್ಲಿ ಕಟುವಾಸನೆ ಇರದು. ಅದು ಇಷ್ಟವಾದರೆ 600 ಕೊಡಬಹುದು. ಆದರೆ ‘ಸೌಮ್ಯ’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಅಮೋನಿಯಾದ ಬದಲು ಬೇರೊಂದು ಕ್ಷಾರ ಅದರಲ್ಲಿರುತ್ತದೆ. ತುರಿಕೆ, ಬಾವು ತರುವುದು ಹೆಚ್ಚಾಗಿ ವರ್ಣದ್ರವ್ಯಗಳೇ. ಅವು ಇದರಲ್ಲಿಯೂ ಇರುತ್ತವೆ. ಆದುದರಿಂದ ದುಬಾರಿ ಬ್ರಾಂಡಾದರೂ 48 ಗಂಟೆ ಮೊದಲು ಚರ್ಮದ ಮೇಲೆ ಹಚ್ಚಿ ಪರೀಕ್ಷಿಸಲೇಬೇಕು. ಇವಳಿಗೆ ಆ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ! ಇಷ್ಟು ಹಣ ಪಡೆದವರು ಪುಕ್ಕಟೆಯಾದ ಈ ಒಂದನ್ನೇ ಬಿಟ್ಟದ್ದು ನನಗೆ ಹೆಚ್ಚು ನೋವು ತಂದಿತು.

ನಾವಿಬ್ಬರೂ ಲೆಕ್ಕವನ್ನು ಮತ್ತೆ ಹಾಕಿದೆವು: 1,800, ಬ್ರಾಂಡಿಗೆ 600, ಉದ್ದಕ್ಕೆ 900, ತೆರಿಗೆ 165. ಒಟ್ಟು 3,465.

ಮದುವೆಗೆ ಮೊದಲು ಬುಡದ ಕೂದಲಿಗೆ ಮಾತ್ರ ಬಣ್ಣ ತಾಗಿಸಬೇಕಾಗಿದೆ. ಈ ಸಲ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಯಾರ ಕೈ, ಯಾವ ಟ್ಯೂಬು, ತೆರಿಗೆ ಸೇರಿ ಎಷ್ಟು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳುವೆನೆಂದಿದ್ದಾಳೆ. ಪರೀಕ್ಷೆಗೆಂದು ಎರಡು ದಿನ ಮುಂಚೆ ನಾನೇ ಜೊತೆಗೆ ಹೋಗುವವಳಿದ್ದೇನೆ.