ಎಚ್ಚರಿಕೆ ಪತ್ರ ಕೊಟ್ಟರೆ ಆಡಿಟ್ ಮುಗಿಯಿತೇ?

ಜುಬೈಲ್‌ನ ಪ್ಲಾಂಟ್‌ಗಳಲ್ಲಿ ದುಡಿಯುವ ನಮ್ಮ ಸಹೋದರರಿಗೆ ಕ್ವಾಲಿಟಿ ಆಡಿಟ್ ಹೊಸತಲ್ಲ. ಆಡಿಟ್‌ಗೆ ಎರಡು ದಿನ ಇರುವಾಗ ಸೈಟ್ ಗುಡಿಸುತ್ತಾರೆ, ಹಳೆಯ ಸ್ಟಿಕ್ಕರ್ ಕಿತ್ತು ಹೊಸತು ಅಂಟಿಸುತ್ತಾರೆ. ಆಡಿಟರ್ ಬಂದು ಹೋಗಿ ವಾರ ಕಳೆದ ಮೇಲೆ ಒಬ್ಬಿಬ್ಬರು ಕೆಲಸಗಾರರ ಕೈಗೆ ಎಚ್ಚರಿಕೆ ಪತ್ರ ಬರುತ್ತದೆ. ನಡುವೆ ಏನಾಯಿತೆಂದು ಅವರಿಗೆ ತಿಳಿಯುವುದಿಲ್ಲ, ಯಾಕೆಂದರೆ ವರದಿ ಕ್ಯೂಸಿ ಆಫೀಸಿನಿಂದ ಹೊರಗೆ ಬರುವುದಿಲ್ಲ. ಆ ವರದಿಯನ್ನು ಓದುವುದು ಹೇಗೆಂದು ನಮ್ಮವರಿಗೂ ಗೊತ್ತಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಕಾಂಟ್ರಾಕ್ಟ್ ಕಂಪೆನಿಯ ಸೈಟಿನ ವಿಷಯವನ್ನೇ ನೋಡೋಣ. ಅಲ್ಲಿ ಪೈಪುಗಳನ್ನು ಹೊರುವ ಉಕ್ಕಿನ ರ‍್ಯಾಕ್‌ಗೆ ವೆಲ್ಡಿಂಗ್ ನಡೆಯುತ್ತಿತ್ತು. ಆಡಿಟರ್ ಬರೆದ ಮುಖ್ಯ ಸಾಲುಗಳು ಮೂರು.

ಮೊದಲನೆಯದು ಮೇಜರ್. 12 ಮೀಟರ್ ಎತ್ತರದ ಸ್ಕಾಫೋಲ್ಡ್ ಮೇಲೆ ವೆಲ್ಡರ್ ಪಕ್ಕದಲ್ಲಿದ್ದ ಪೋರ್ಟೇಬಲ್ ಓವನ್‌ಗೆ ಕರೆಂಟ್ ಇರಲಿಲ್ಲ, ಒಳಗಿನ 7018 ರಾಡುಗಳು ತಣ್ಣಗಿದ್ದವು. ಸ್ಟೋರಿನಿಂದ ರಾಡ್ ಕೊಟ್ಟ ರಿಜಿಸ್ಟರ್ ಐದು ದಿನದಿಂದ ಖಾಲಿ. ಮುಗಿಸಬೇಕಾದ ಗಡುವು 14 ದಿನ. ಎರಡನೆಯದು ಮೈನರ್. ಸ್ಟೋರಿನ ದೊಡ್ಡ ಓವನ್‌ನ ಥರ್ಮಾಮೀಟರಿನ ಕ್ಯಾಲಿಬ್ರೇಶನ್ ಅವಧಿ ಮುಗಿದು ಮೂರು ವಾರವಾಗಿತ್ತು. ಗಡುವು 30 ದಿನ. ಮೂರನೆಯದು ಅಬ್ಸರ್ವೇಶನ್. ಮೇಲಿನ ಸ್ಕಾಫೋಲ್ಡ್‌ನಲ್ಲಿ ಒಂದೇ ಪ್ಲಗ್ ಪಾಯಿಂಟ್ ಇದೆ, ಗ್ರೈಂಡರ್‌ಗೂ ಓವನ್‌ಗೂ ಅದೇ. ಇದರ ಎದುರು ಗಡುವಿನ ಜಾಗ ಖಾಲಿ.

ತಣ್ಣಗಿನ ರಾಡ್ ಯಾಕೆ ಅಷ್ಟು ದೊಡ್ಡ ವಿಷಯ ಎಂದು ಊರಿನಲ್ಲಿರುವವರು ಕೇಳಬಹುದು. 7018 ರಾಡಿನ ಮೇಲಿನ ಲೇಪ ಗಾಳಿಯ ತೇವವನ್ನು ಹೀರುತ್ತದೆ. ಆ ತೇವದಿಂದ ವೆಲ್ಡಿಂಗ್ ಬಿಸಿಗೆ ಹೈಡ್ರೋಜನ್ ಬಿಡುಗಡೆಯಾಗಿ ಉಕ್ಕಿನೊಳಗೆ ಸೇರುತ್ತದೆ. ಜಾಯಿಂಟ್ ಆ ಹೊತ್ತಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಕೆಲವು ಗಂಟೆ ಅಥವಾ ಒಂದೆರಡು ದಿನ ಬಿಟ್ಟು ಬೆಸುಗೆಯ ಅಂಚಿನ ಕೆಳಗೆ ಬಿರುಕು ಬೀಳಬಹುದು. ಹೊರಗಿನಿಂದ ಅದು ಕಣ್ಣಿಗೆ ಕಾಣದೆಯೂ ಇರಬಹುದು. ಅದಕ್ಕೇ ಡಬ್ಬ ಒಡೆದ ರಾಡನ್ನು ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ ಇಡಬೇಕು. ಉಕ್ಕಿನ ಕಟ್ಟಡಗಳಿಗೆ ಅನ್ವಯಿಸುವ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ನಿಯಮದ ಪ್ರಕಾರ ಸಾಮಾನ್ಯ 7018 ರಾಡು ಓವನ್‌ನಿಂದ ಹೊರಗೆ ಇರಬಹುದಾದದ್ದು ಹೆಚ್ಚೆಂದರೆ ನಾಲ್ಕು ಗಂಟೆ. ರಿಜಿಸ್ಟರ್ ಖಾಲಿಯಿದ್ದರೆ ಆ ನಾಲ್ಕು ಗಂಟೆಯನ್ನು ಎಲ್ಲಿಂದ ಲೆಕ್ಕ ಹಾಕುವುದು? ಒಬ್ಬನ ಮರೆವಿಗಿಂತ ಹೆಚ್ಚಾಗಿ ರಾಡ್ ನೋಡಿಕೊಳ್ಳುವ ಇಡೀ ವ್ಯವಸ್ಥೆಯೇ ನಿಂತುಹೋಗಿದೆ ಎಂಬ ಕಾರಣಕ್ಕೆ ಅದು ಮೇಜರ್ ಆಯಿತು.

ಇನ್ನು ಕಂಪೆನಿಯ ಉತ್ತರ. 13ನೇ ದಿನ ಕಳಿಸಿದ ಕಾಗದದಲ್ಲಿ ಮೂಲ ಕಾರಣದ ಜಾಗದಲ್ಲಿ 'ವೆಲ್ಡರ್‌ನ ನಿರ್ಲಕ್ಷ್ಯ' ಎಂದು ಬರೆದಿತ್ತು. ಕೈಗೊಂಡ ಕ್ರಮ ಏನೆಂದರೆ ಇಬ್ಬರು ವೆಲ್ಡರ್‌ಗಳಿಗೆ ಎಚ್ಚರಿಕೆ ಪತ್ರ, ಟೂಲ್‌ಬಾಕ್ಸ್ ಮೀಟಿಂಗಿನ ಹಾಜರಿ ಪಟ್ಟಿ, ಓವನ್‌ನ ಪ್ಲಗ್ ಹಾಕಿದ ಒಂದು ಫೋಟೋ. ಅದರ ಜೊತೆಗೆ ಖಾಲಿಯಿದ್ದ ಐದು ದಿನದ ಪುಟಗಳನ್ನೂ ತುಂಬಿಸಲಾಯಿತು. "ಕಾಕ, ಇಲ್ಲೊಂದು ಸೈನ್ ಹಾಕಿ ಬಿಡಿ, ಆಡಿಟ್ ಕ್ಲೋಸ್ ಮಾಡ್ಲಿಕ್ಕೆ ಉಂಟು" ಎಂದು ಕೇಳಿದ ಹುಡುಗನೂ ನಮ್ಮೂರಿನವನೇ. ವರದಿಯಲ್ಲಿ ಆ ಸಾಲು ಕ್ಲೋಸ್ ಆಯಿತು.

ಆದರೆ ಓವನ್ ತಣ್ಣಗಾದದ್ದು ಯಾಕೆ? ಪ್ಲಗ್ ತೆಗೆದಿದ್ದರು. ತೆಗೆದದ್ದು ಯಾಕೆ? ಗ್ರೈಂಡರ್‌ಗೆ ಬೇರೆ ಪಾಯಿಂಟ್ ಇರಲಿಲ್ಲ. ರಿಜಿಸ್ಟರ್ ಖಾಲಿಯಾದದ್ದು ಯಾಕೆ? ಸ್ಟೋರಿನಲ್ಲಿ ಇದ್ದ ಒಬ್ಬನೇ ಕೀಪರ್‌ನನ್ನು ಬೇರೆ ಯಾರ್ಡಿಗೆ ಹಾಕಿದ್ದರು, ಇಡೀ ದಿನದ ರಾಡನ್ನು ಫೋರ್‌ಮನ್ ಬೆಳಿಗ್ಗೆಯೇ ಹಂಚಿಬಿಡುತ್ತಿದ್ದರು. ಅಂದರೆ ಮೇಜರ್‌ನ ಒಂದು ಮುಖ್ಯ ಕಾರಣ ಅದೇ ವರದಿಯ ಮೂರನೇ ಸಾಲಿನಲ್ಲಿ, ಗಡುವೇ ಇಲ್ಲದ ಅಬ್ಸರ್ವೇಶನ್‌ನಲ್ಲಿ ಕೂತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ತಿಂಗಳು ಕಳೆದರೂ ಮೇಲೆ ಇದ್ದದ್ದು ಒಂದೇ ಪ್ಲಗ್.

ಐಎಸ್‌ಒ 9001ರ 10.2ನೇ ವಿಭಾಗ ತಪ್ಪನ್ನು ಸರಿಪಡಿಸುವುದನ್ನೂ ತಪ್ಪಿನ ಕಾರಣವನ್ನು ತೆಗೆಯುವುದನ್ನೂ ಬೇರೆ ಬೇರೆ ಕೆಲಸಗಳಾಗಿ ನೋಡುತ್ತದೆ. ಇಲ್ಲಿ ಸರಿಪಡಿಸುವುದೆಂದರೆ ತಣ್ಣಗಿನ ರಾಡುಗಳನ್ನು ಹಿಂದಕ್ಕೆ ಪಡೆಯುವುದು, ಆ ಐದು ದಿನ ಹಾಕಿದ ಜಾಯಿಂಟ್‌ಗಳನ್ನು ವೆಲ್ಡಿಂಗ್ ಲಾಗಿನಿಂದ ಪಟ್ಟಿ ಮಾಡಿ ಮ್ಯಾಗ್ನೆಟಿಕ್ ಅಥವಾ ಅಲ್ಟ್ರಾಸೋನಿಕ್ ಪರೀಕ್ಷೆಗೆ ಕೊಡುವುದು. ಕಾರಣ ತೆಗೆಯುವುದೆಂದರೆ ಮೇಲೆ ಇನ್ನೊಂದು ಡಿಬಿ ಬೋರ್ಡ್ ಹಾಕುವುದು, ಬೆಳಿಗ್ಗೆ ಮತ್ತು ಊಟದ ನಂತರ ಎಂದು ಎರಡು ಸಲ ರಾಡ್ ಕೊಡುವುದು, ಉಳಿದದ್ದನ್ನು ಲೆಕ್ಕ ಹಾಕಿ ವಾಪಸ್ ಪಡೆಯುವುದು. ಆಮೇಲೆ ಕೆಲವು ವಾರ ಬಿಟ್ಟು ಯಾರಾದರೂ ಹೇಳದೆ ಕೇಳದೆ ಹೋಗಿ ಓವನ್ ಬಿಸಿ ಇದೆಯೋ ನೋಡಬೇಕು. ಆ ಕೊನೆಯ ಕೆಲಸ ಆಗದಿದ್ದರೆ 'ಕ್ಲೋಸ್ಡ್' ಎಂಬ ಮಾತಿಗೆ ಕಾಗದ ತಲುಪಿತು ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಕಂಪೆನಿಯವರಿಗೂ ಕಷ್ಟ ಉಂಟು. ಗಡುವಿನೊಳಗೆ ಮೇಜರ್ ಮುಗಿಯದಿದ್ದರೆ ಬಿಲ್ಲು ತಡೆಯುತ್ತಾರೆ, ಹೊಸ ಬೋರ್ಡಿಗೆ ಪರ್ಚೇಸ್ ಆರ್ಡರ್, ಎಲೆಕ್ಟ್ರಿಕಲ್ ಪರ್ಮಿಟ್ ಎಂದು 14 ದಿನ ಸಾಲುವುದಿಲ್ಲ. ಇದನ್ನು ನಾವು ಒಪ್ಪುತ್ತೇವೆ. ಆದರೆ ಕಾರಣ ಬರೆದು ಗಡುವು ಮುಂದಕ್ಕೆ ಕೇಳಬಹುದು. ಬೋರ್ಡ್ ಬರುವವರೆಗೆ ಗ್ರೈಂಡಿಂಗನ್ನು ಕೆಳಗೆ ಮಾಡುತ್ತೇವೆ ಎಂದು ತಾತ್ಕಾಲಿಕ ಕ್ರಮ ತೋರಿಸಬಹುದು. ತಡವಾದರೂ ನಿಜವಾದ ದಿನಾಂಕ ಕೊಡುವುದು ಬೇಗ ಕೊಟ್ಟ ಸುಳ್ಳು ದಿನಾಂಕಕ್ಕಿಂತ ಒಳ್ಳೆಯದು. ಹಾಗೆಯೇ ಮೇಜರ್‌ಗೆ ಸಂಬಂಧಪಟ್ಟ ಅಬ್ಸರ್ವೇಶನ್ ಇದ್ದರೆ ಅದಕ್ಕೂ ಗಡುವು ಬರೆಯಬೇಕೆಂದು ಕ್ಲೈಂಟ್ ಕಂಪೆನಿಗಳನ್ನು ನಾವು ಕೇಳುತ್ತೇವೆ.

ನಮ್ಮ ಸಹೋದರರಿಗೆ ಹೇಳಬೇಕಾದದ್ದು ಬೇರೆ. ಕಳೆದುಹೋದ ದಿನಕ್ಕೆ ಸಹಿ ಹಾಕಬೇಡಿ. ಆ ರಿಜಿಸ್ಟರಿನಲ್ಲಿ ನಿಮ್ಮ ವೆಲ್ಡರ್ ನಂಬರ್ ಇರುತ್ತದೆ. ನಾಳೆ ಜಾಯಿಂಟ್ ಬಿರುಕು ಬಿಟ್ಟರೆ, ಬಿಸಿ ರಾಡ್ ಪಡೆದಿದ್ದೆ ಎಂದು ನೀವೇ ಕೊಟ್ಟ ಸಾಕ್ಷಿ ಅದು. ಸಹಿ ಹಾಕಲೇಬೇಕಾದ ಕಾಗದವಾದರೆ ಪಕ್ಕದಲ್ಲಿ ಅಂದಿನ ದಿನಾಂಕವನ್ನು ನಿಮ್ಮ ಕೈಯಲ್ಲೇ ಬರೆಯಿರಿ. ಪ್ಲಗ್ ಇಲ್ಲ, ಓವನ್ ಕೆಟ್ಟಿದೆ ಎಂದಾದರೆ ಅದೇ ದಿನ ಫೋರ್‌ಮನ್‌ಗೆ ವಾಟ್ಸಾಪ್‌ನಲ್ಲಿ ಫೋಟೋ ಸಮೇತ ತಿಳಿಸಿ, ಅಳಿಸಬೇಡಿ.

ಎಚ್ಚರಿಕೆ ಪತ್ರ ಬಂದರೂ ಗಾಬರಿ ಬೇಡ. ಸೌದಿ ಕಾರ್ಮಿಕ ಕಾನೂನಿನ 71ನೇ ವಿಧಿ ಪ್ರಕಾರ ಶಿಸ್ತುಕ್ರಮಕ್ಕೆ ಮೊದಲು ಆರೋಪವನ್ನು ಬರಹದಲ್ಲಿ ತಿಳಿಸಿ, ಕೆಲಸಗಾರನ ಮಾತು ಕೇಳಿ, ಅದನ್ನು ದಾಖಲಿಸಿ ಅವನ ಫೈಲಿನಲ್ಲಿ ಇಡಬೇಕು. ಬರೀ ಎಚ್ಚರಿಕೆ ಅಥವಾ ಒಂದು ದಿನದ ಸಂಬಳ ಕಡಿತದಷ್ಟು ಸಣ್ಣ ವಿಷಯವಾದರೆ ವಿಚಾರಣೆ ಬಾಯಿಮಾತಿನಲ್ಲಿ ನಡೆಯಬಹುದು, ಆದರೆ ನೀವು ಹೇಳಿದ್ದು ಆಗಲೂ ದಾಖಲಾಗಬೇಕು. ಆಗ "ಮೇಲೆ ಒಂದೇ ಪ್ಲಗ್ ಇತ್ತು, ಆಡಿಟ್ ವರದಿಯ ಮೂರನೇ ಸಾಲಿನಲ್ಲೂ ಅದು ಉಂಟು" ಎಂದು ಬರೆಸಿಕೊಳ್ಳಿ.